ಪದ ಬದಲಿಸಿ ನೋಡುವ ಪರೀಕ್ಷೆ

ಎಲ್ಲರಿಗೂ ನಮಸ್ಕಾರ. ಒಂದು ಬರಹವನ್ನು ಮನುಷ್ಯರು ಬರೆದರೋ, ಭಾಷಾ ಮಾದರಿ ಎಂಬ ಯಂತ್ರ ಬರೆಯಿತೋ ಎಂದು ಪತ್ತೆ ಮಾಡುವ ವಿಧಾನವೊಂದರ ಬಗ್ಗೆ ಇವತ್ತಿನ ಮಾತು. ಎರಡು ವಾಕ್ಯಗಳಿಂದ ಶುರು ಮಾಡುತ್ತೇನೆ. ಒಂದು: "ಅಜ್ಜಿ ಹಿತ್ತಲಿನಿಂದ ಕೆಸುವಿನೆಲೆ ಕೊಯ್ದು ತಂದಳು." ಇನ್ನೊಂದು: "ಪರಿಸರ ಸಂರಕ್ಷಣೆ ನಮ್ಮೆಲ್ಲರ ಜವಾಬ್ದಾರಿಯಾಗಿದೆ."

ಮೊದಲನೆಯದರಲ್ಲಿ "ಕೆಸುವಿನೆಲೆ" ತೆಗೆದು "ಹೂವು" ಅಂತ ಹಾಕಿ. ಭಾಷಾ ಮಾದರಿಯ ಕಣ್ಣಿಗೆ ವಾಕ್ಯ ಇನ್ನಷ್ಟು ಸಹಜವಾಗಿ ಕಾಣುವ ಸಾಧ್ಯತೆಯೇ ಹೆಚ್ಚು, ಏಕೆಂದರೆ ಅದು ಓದಿದ ಪಠ್ಯದಲ್ಲಿ ಹಿತ್ತಲಿನಿಂದ ಹೂವು ತಂದವರು ಕೆಸು ತಂದವರಿಗಿಂತ ಜಾಸ್ತಿ. ಎರಡನೆಯದರಲ್ಲಿ "ಜವಾಬ್ದಾರಿಯಾಗಿದೆ" ತೆಗೆದು "ಕೆಲಸವಾಗಿದೆ" ಅಂತ ಹಾಕಿ. ಅರ್ಥ ಹೆಚ್ಚು ಕೆಡಲಿಲ್ಲ, ಆದರೆ ಸಂಭವನೀಯತೆ ಇಳಿಯುತ್ತದೆ. ಆ ಜಾಗಕ್ಕೆ ಮಾದರಿ ನಿರೀಕ್ಷಿಸಿದ್ದ ಪದವೇ ಮೊದಲು ಅಲ್ಲಿತ್ತು.

2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಎರಿಕ್ ಮಿಚೆಲ್ ಮತ್ತು ಸಂಗಡಿಗರು ಪ್ರಕಟಿಸಿದ ಡಿಟೆಕ್ಟ್‌ಜಿಪಿಟಿ ಎಂಬ ಪತ್ತೆ ವಿಧಾನ ನಿಂತಿರುವುದು ಇಷ್ಟರ ಮೇಲೆಯೇ. ಯಂತ್ರ ಬರೆದದ್ದು, ಮನುಷ್ಯರು ಬರೆದದ್ದು ಎಂದು ಸಾವಿರಾರು ಉದಾಹರಣೆ ಬರಹಗಳನ್ನು ಕೂಡಿಸಿ ಪತ್ತೆಗಾರನೊಬ್ಬನಿಗೆ ತರಬೇತಿ ಕೊಡುವ ಗೋಜು ಇದರಲ್ಲಿಲ್ಲ. ಅದಕ್ಕೇ ಝೀರೋ-ಶಾಟ್ ಅನ್ನುತ್ತಾರೆ. ಕೈಯಲ್ಲಿರುವ ಬರಹವನ್ನು ಅದರದೇ ತುಸು ತಿದ್ದಿದ ಪ್ರತಿಗಳ ಪಕ್ಕದಲ್ಲಿಟ್ಟು ನೋಡುವುದು, ಅಷ್ಟೇ.

ಮಾಡುವ ಕ್ರಮ ಹೀಗೆ. 200 ಪದಗಳ ಒಂದು ಬರಹ ಇದೆ ಅಂದುಕೊಳ್ಳಿ. ಅದರಲ್ಲಿ ಶೇಕಡಾ 15ರಷ್ಟು, ಅಂದರೆ 30 ಪದಗಳನ್ನು, ಎರಡೆರಡರ ತುಣುಕುಗಳಾಗಿ ಅಲ್ಲಲ್ಲಿ ಮರೆಮಾಡುತ್ತಾರೆ. ಆ ಹದಿನೈದು ಖಾಲಿ ಜಾಗಗಳನ್ನು ತುಂಬುವ ಕೆಲಸ ಟಿ5 ಎಂಬ ಇನ್ನೊಂದು ಮಾದರಿಯದು. "ಬಿಟ್ಟ ಸ್ಥಳ ತುಂಬಿರಿ" ಅನ್ನುವುದೇ ಅದು ಕಲಿತ ಪಾಠ. ಬೇರೆಬೇರೆ ಕಡೆ ಮರೆಮಾಡುತ್ತಾ ಇಂಥ ನೂರು ಪ್ರತಿ ತಯಾರಿಸುತ್ತಾರೆ. ಆಮೇಲೆ ಮೂಲವನ್ನೂ ನೂರು ಪ್ರತಿಗಳನ್ನೂ ನಮಗೆ ಅನುಮಾನವಿರುವ ಮಾದರಿಗೆ ಕೊಟ್ಟು, ಪ್ರತಿಯೊಂದರ ಲಾಗ್ ಸಂಭವನೀಯತೆ ಕೇಳುತ್ತಾರೆ. ಹಿಂದಿನ ಪದಗಳನ್ನು ನೋಡಿದ ಮೇಲೆ ಈ ಪದ ಬರುವ ಸಾಧ್ಯತೆ ಎಷ್ಟು ಎಂದು ಪ್ರತಿ ಪದಕ್ಕೂ ಲೆಕ್ಕ ಹಾಕಿ, ಲಾಗ್ ತೆಗೆದು ಕೂಡಿಸಿದರೆ ಬರುವ ಸಂಖ್ಯೆ ಅದು. ಯಾವಾಗಲೂ ಋಣ ಸಂಖ್ಯೆ. ಸೊನ್ನೆಗೆ ಹತ್ತಿರ ಬಂದಷ್ಟೂ ಬರಹ ಮಾದರಿಗೆ "ನಿರೀಕ್ಷಿತ".

```
d = log p(x) − mean( log p(x̃) )
```

x ಮೂಲ, x̃ ತಿದ್ದಿದ ಪ್ರತಿ. ಲೆಕ್ಕ ತಿಳಿಯಲೆಂದು ನಾನೇ ಹಾಕಿಕೊಂಡ ಅಂಕಿ ಹೇಳುತ್ತೇನೆ. ಯಂತ್ರದ ಬರಹಕ್ಕೆ −410 ಬಂತು, ನೂರು ಪ್ರತಿಗಳ ಸರಾಸರಿ −452. ವ್ಯತ್ಯಾಸ 42. ಮನುಷ್ಯರ ಬರಹಕ್ಕೆ −560, ಪ್ರತಿಗಳ ಸರಾಸರಿ −566. ವ್ಯತ್ಯಾಸ ಬರೀ 6. ಪ್ರತಿಗಳು ತಮ್ಮತಮ್ಮಲ್ಲೇ ಎಷ್ಟು ಚದುರಿವೆ ಎಂಬುದರಿಂದ ಭಾಗಿಸುವುದೂ ಉಂಟು. ಚದುರುವಿಕೆ ಎರಡಕ್ಕೂ 12 ಆಗಿದ್ದರೆ ಒಂದು 3.5, ಇನ್ನೊಂದು 0.5. ಗಮನಿಸಿ, ಇಲ್ಲಿ ಯಾರೂ −410 ದೊಡ್ಡದೋ −560 ದೊಡ್ಡದೋ ಅಂತ ಕೇಳುತ್ತಿಲ್ಲ. ನೀವು ಎಷ್ಟು ಎತ್ತರದಲ್ಲಿದ್ದೀರಿ ಎಂಬುದಲ್ಲ ಪ್ರಶ್ನೆ. ಯಾವ ದಿಕ್ಕಿಗೆ ಹೆಜ್ಜೆ ಇಟ್ಟರೂ ಇಳಿಯುತ್ತೀರೋ, ಅಥವಾ ಕೆಲವು ಕಡೆ ಹತ್ತುತ್ತೀರೋ ಎಂಬುದು. ಯಂತ್ರದ ಬರಹ ಗುಡ್ಡದ ನೆತ್ತಿಯಲ್ಲಿ ಕೂತಿರುತ್ತದೆ, ಮನುಷ್ಯರದ್ದು ಇಳಿಜಾರಿನಲ್ಲಿ. ಯಾವ ಗುಡ್ಡ? ಆ ಒಂದು ಮಾದರಿಯ ಗುಡ್ಡ. ಈ ಮಾತು ನೆನಪಿರಲಿ, ಮುಂದಿನ ಎಡವಟ್ಟುಗಳೆಲ್ಲ ಇಲ್ಲಿಂದಲೇ ಹುಟ್ಟುತ್ತವೆ.

ಜಿಪಿಟಿ-ನಿಯೊಎಕ್ಸ್ ಎಂಬ 20 ಬಿಲಿಯನ್ ನಿಯತಾಂಕಗಳ ಮಾದರಿ ಬರೆದ ಸುಳ್ಳು ಸುದ್ದಿಗಳ ಮೇಲೆ ಪರೀಕ್ಷಿಸಿದಾಗ, ಹಿಂದಿನ ಝೀರೋ-ಶಾಟ್ ವಿಧಾನಗಳಲ್ಲಿ ಉತ್ತಮವಾದುದರ ಅಂಕ 0.81 ಇದ್ದದ್ದು ಇದರಲ್ಲಿ 0.95ಕ್ಕೇರಿತು. ಈ 0.95 ಎಂಬುದನ್ನು "ನೂರಕ್ಕೆ ತೊಂಬತ್ತೈದು ಸಲ ಸರಿ" ಎಂದು ಓದುವವರಿದ್ದಾರೆ. ಹಾಗಲ್ಲ. ಒಂದು ಯಂತ್ರದ ಬರಹ, ಒಂದು ಮನುಷ್ಯರ ಬರಹ ಜೋಡಿಯಾಗಿ ಕೊಟ್ಟರೆ, ನೂರು ಜೋಡಿಗಳ ಪೈಕಿ 95ರಲ್ಲಿ ಯಂತ್ರದ್ದಕ್ಕೆ ಹೆಚ್ಚಿನ ಅಂಕ ಸಿಗುತ್ತದೆ ಎಂದಷ್ಟೇ. ಪರೀಕ್ಷಕರ ಮೇಜಿನ ಮೇಲೆ ಬರುವುದು ಜೋಡಿಯಲ್ಲ, ಒಂದೇ ಒಂದು ಪತ್ರಿಕೆ. ಗೆರೆ ಎಲ್ಲಿ ಎಳೆಯಬೇಕೆಂದು 0.95 ಹೇಳುವುದಿಲ್ಲ.

ಈಗ ಎಡವುವ ಕಡೆಗಳಿಗೆ ಬರೋಣ. ಬರೆದ ಮಾದರಿಯೊಂದು, ಅಳೆಯುವ ಮಾದರಿ ಇನ್ನೊಂದು ಆದರೆ ಗುಡ್ಡವೇ ಬೇರೆಯಾಯಿತು. ಒಂದರ ನೆತ್ತಿ ಇನ್ನೊಂದರ ಇಳಿಜಾರಾಗಿರಬಹುದು. ಮೂಲ ಪ್ರಬಂಧದಲ್ಲೇ ಇದನ್ನು ಪರೀಕ್ಷಿಸಿ, ಮಾದರಿ ಬದಲಾದರೆ ಅಂಕ ಇಳಿಯುವುದನ್ನು ತೋರಿಸಿದ್ದಾರೆ. ನಿಜ ಜೀವನದಲ್ಲಿ ಇದೇ ಸಾಮಾನ್ಯ ಸ್ಥಿತಿ: ಯಾರು ಯಾವ ಮಾದರಿ ಬಳಸಿದರೆಂದು ನಮಗೆ ಗೊತ್ತಿರುವುದಿಲ್ಲ. ಗೊತ್ತಿದ್ದರೂ, ಬಾಗಿಲು ಹಾಕಿಕೊಂಡ ವಾಣಿಜ್ಯ ಮಾದರಿಗಳು ನಾವು ಕೊಟ್ಟ ಪಠ್ಯದ ಸಂಭವನೀಯತೆಯನ್ನು ಬಿಟ್ಟುಕೊಡದಿದ್ದರೆ, ಕೈಗೆ ಸಿಕ್ಕ ಇನ್ನೊಂದು ಮಾದರಿಯಿಂದ ಅಳೆಯಬೇಕು.

ಎರಡನೆಯದು, ಬರಹವನ್ನೇ ಇನ್ನೊಮ್ಮೆ ಬೇರೆ ಮಾತಿನಲ್ಲಿ ಹೇಳಿಸುವುದು. ಅದೇ ವರ್ಷ ಕಲ್ಪೇಶ್ ಕೃಷ್ಣ ಮತ್ತು ಸಂಗಡಿಗರು ಡಿಪ್ಪರ್ ಎಂಬ ಮರುಬರಹದ ಮಾದರಿ ಕಟ್ಟಿ, ಯಂತ್ರದ ಬರಹವನ್ನು ಅದರಲ್ಲಿ ಹಾಯಿಸಿದರು. ಮನುಷ್ಯರ ಬರಹಗಳಲ್ಲಿ ನೂರಕ್ಕೆ ಒಂದು ಮಾತ್ರ ತಪ್ಪಾಗಿ ಸಿಕ್ಕಿಬೀಳುವಂತೆ ಗೆರೆ ಎಳೆದಾಗ, ಡಿಟೆಕ್ಟ್‌ಜಿಪಿಟಿ ಹಿಡಿಯುತ್ತಿದ್ದ ಪ್ರಮಾಣ ಶೇಕಡಾ 70.3ರಿಂದ 4.6ಕ್ಕೆ ಕುಸಿಯಿತು. ಅರ್ಥ ಹೆಚ್ಚುಕಡಿಮೆ ಹಾಗೇ ಇತ್ತು. ಆದರೆ ಪದಗಳನ್ನು ಆರಿಸಿದ್ದು ಈಗ ಬೇರೆ ಮಾದರಿ, ಬರಹ ನೆತ್ತಿಯಿಂದ ಆಗಲೇ ಇಳಿದುಬಿಟ್ಟಿದೆ. ಇನ್ನಷ್ಟು ಇಳಿಸಿ ನೋಡುವ ಪರೀಕ್ಷೆಗೆ ಅಲ್ಲಿ ಕೆಲಸವಿಲ್ಲ.

ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಇದರ ಉಲ್ಟಾ ತಪ್ಪು. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ..." ಈ ಸಾಲಿನ ಯಾವ ಪದ ಮುಟ್ಟಿದರೂ ವಾಕ್ಯ ಮುಗ್ಗರಿಸುತ್ತದೆ. ಯಂತ್ರಗಳು ಹುಟ್ಟುವ ಎಷ್ಟೋ ಮೊದಲು ನಮ್ಮ ಗುಮಾಸ್ತರು ಇದನ್ನು ನೆತ್ತಿಯ ಮೇಲೆ ಕೂರಿಸಿಬಿಟ್ಟಿದ್ದಾರೆ. ಸಂವಿಧಾನದ ಪ್ರಸ್ತಾವನೆಯಂಥ, ಮಾದರಿಗಳು ತರಬೇತಿಯಲ್ಲಿ ಮತ್ತೆಮತ್ತೆ ಓದಿ ಬಾಯಿಪಾಠ ಮಾಡಿಕೊಂಡ ಪಠ್ಯದ ಕಥೆಯೂ ಇದೇ. ಒಂದು ಪದ ಬದಲಾದರೂ ಅಂಕ ಧೊಪ್ಪನೆ ಬೀಳುತ್ತದೆ, ಪರೀಕ್ಷೆ "ಯಂತ್ರ" ಅನ್ನುತ್ತದೆ. ಗೈಡ್ ನೋಡಿ ಪ್ರಬಂಧ ಬರೆಯಲು ಕಲಿತ ಹುಡುಗಿಯ ಪರಿಸರ ಸಂರಕ್ಷಣೆಯ ವಾಕ್ಯವೂ ಹತ್ತಿರಹತ್ತಿರ ಅಲ್ಲೇ ಇರುತ್ತದೆ. ಇನ್ನು ಬರಹ ಚಿಕ್ಕದಾದಷ್ಟೂ ಕಷ್ಟ: 30 ಪದಗಳಲ್ಲಿ ಬದಲಾಗುವುದು ನಾಲ್ಕೈದು, ಆ ಸರಾಸರಿಯನ್ನು ನಂಬಿ ಏನನ್ನೂ ಹೇಳಲಾಗದು.

ಕೊನೆಗೆ ಕನ್ನಡ. ಪ್ರತಿಗಳನ್ನು ತಯಾರಿಸುವ ಮಾದರಿಗೆ ಭಾಷೆ ಚೆನ್ನಾಗಿ ಬರುತ್ತದೆ ಎಂಬುದು ಇಡೀ ವಿಧಾನದ ಅಡಿಗಲ್ಲು. ತಿದ್ದಿದ ಮೇಲೂ ವಾಕ್ಯ ವಾಕ್ಯವಾಗಿಯೇ ಉಳಿಯಬೇಕು. ನಮ್ಮ ಅಜ್ಜಿಯ ವಾಕ್ಯದಲ್ಲಿ "ಅಜ್ಜಿ" ಮರೆಯಾಯಿತು ಅನ್ನಿ. ಕನ್ನಡ ಅರೆಬರೆ ಬಲ್ಲ ಮಾದರಿ ಅಲ್ಲಿ "ಅಜ್ಜ" ತುಂಬಿತು. ಕೊನೆಯ "ತಂದಳು" ಹಾಗೇ ಉಳಿಯಿತು. "ಅಜ್ಜ ತಂದಳು" ಎಂದಕೂಡಲೇ ಸಂಭವನೀಯತೆ ಬೀಳುತ್ತದೆ, ಆದರೆ ಬಿದ್ದದ್ದು ಮೂಲ ಬರಹ ನೆತ್ತಿಯಲ್ಲಿತ್ತು ಎಂದಲ್ಲ, ಪ್ರತಿ ವ್ಯಾಕರಣ ತಪ್ಪಿತು ಎಂದು. "ಹಿತ್ತಲಿನಿಂದ" ಎಂಬ ಒಂದೇ ಪದದಲ್ಲಿ ಜಾಗವೂ ವಿಭಕ್ತಿಯೂ ಇವೆ. ಅದನ್ನು ತೆಗೆದು "ಹಿತ್ತಲು" ಎಂದು ತುಂಬಿದರೂ ಅದೇ ಗತಿ. ಇಂಥ ನೂರು ಪ್ರತಿಗಳಾದರೆ ಮನುಷ್ಯರ ಬರಹಕ್ಕೂ ದೊಡ್ಡ ವ್ಯತ್ಯಾಸ ಬರುತ್ತದೆ, ಯಂತ್ರದ್ದಕ್ಕೂ ಬರುತ್ತದೆ, ಎರಡೂ ಒಂದರ ಮೇಲೊಂದು ಬಿದ್ದು ಗೆರೆ ಎಳೆಯಲು ಜಾಗವೇ ಉಳಿಯುವುದಿಲ್ಲ. ಹೀಗಾಗಿದೆಯೇ ಎಂದು ತಿಳಿಯುವುದು ಕಷ್ಟವಲ್ಲ. ಅಂಕ ನೋಡುವ ಮೊದಲು, ತಿದ್ದಿದ ಪ್ರತಿಗಳಲ್ಲಿ ಹತ್ತನ್ನು ಮುದ್ರಿಸಿಕೊಂಡು ಜೋರಾಗಿ ಓದಿ. ಅಜ್ಜ ಕೆಸುವಿನೆಲೆ ತಂದಳೋ ತಂದನೋ, ಕಿವಿಗೇ ಗೊತ್ತಾಗುತ್ತದೆ.