ಬಿಸಿನೀರು ಎಷ್ಟು ಗಂಟೆಗೆ?

ಕೇಳುಗರಿಗೆ ನಮಸ್ಕಾರ.

ಹೋಟೆಲ್ ಎಂದ ಕೂಡಲೇ ನಮ್ಮಲ್ಲಿ ಅರ್ಧ ಜನರಿಗೆ ಮಸಾಲೆದೋಸೆ ನೆನಪಾಗುತ್ತದೆ. ನಾನು ಹೇಳಹೊರಟಿರುವುದು ಆ ಹೋಟೆಲಿನ ವಿಷಯವಲ್ಲ. ಜನ ರಾತ್ರಿ ತಂಗುವ ಹೋಟೆಲ್, ಊರಿನವರ ಬಾಯಲ್ಲಿ ಲಾಡ್ಜ್. ಅಲ್ಲಿ ರಿಸೆಪ್ಷನ್‌ನಲ್ಲಿ ಕುಳಿತು, ಎದುರಿಗೆ ಬಂದವರಿಗೆ ಕೀಲಿ ಕೊಡುತ್ತಾ, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ಅತಿಥಿಗಳ ದೂರಿಗೆ ಉತ್ತರ ಒತ್ತುತ್ತಾರಲ್ಲ, ಆ ಹುಡುಗ ಹುಡುಗಿಯರಿಗಾಗಿ ಈ ಮಾತು. ಮೈಸೂರಿನ ಹೋಟೆಲುಗಳಲ್ಲಿ ನಾನೂ ಆ ಕುರ್ಚಿಯಲ್ಲಿ ಬಹಳ ವರ್ಷ ಕುಳಿತವನು. ಈಗ ಹೊಸಬರಿಗೆ ಅದೇ ಕೆಲಸ ಕಲಿಸುತ್ತೇನೆ.

ನನಗೆ ಹೇಳಬೇಕಾಗಿರುವುದು ಒಂದೇ ಮಾತು. ದೂರಿಗೆ ಬರೆಯುವ ಉತ್ತರದಲ್ಲಿ ಮೂರು ಸಂಗತಿ ಇರಬೇಕು: ಯಾರು, ಏನು, ಎಷ್ಟು ಗಂಟೆಗೆ. ಯಾರು ಬರುತ್ತಾರೆ, ಏನು ಮಾಡುತ್ತಾರೆ, ಎಷ್ಟು ಗಂಟೆಗೆ. ಇದನ್ನು ಇಂದು ನಾಲ್ಕೈದು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಒಂದು ದಸರೆಯ ಸಮಯ. ನಾಲ್ಕು ಮಹಡಿಯ ಹೋಟೆಲ್, ಒಂದು ಕೋಣೆಯೂ ಖಾಲಿ ಇಲ್ಲ. ಹಿಂದಿನ ದಿನವೆಲ್ಲ ಮೋಡ, ಸಂಜೆಗೆ ಮಳೆ. ತಾರಸಿಯ ಮೇಲೆ ಎರಡು ಸಾವಿರ ಲೀಟರಿನ ಸೋಲಾರ್ ಟ್ಯಾಂಕು. ಬೆಳಿಗ್ಗೆ ಆರು ಗಂಟೆ ಐದು ನಿಮಿಷಕ್ಕೆ ಮೂರನೆಯ ಮಹಡಿಯ ಒಂದು ಕೋಣೆಯಿಂದ ವಾಟ್ಸ್‌ಆ್ಯಪ್ ಸಂದೇಶ ಬಂತು. ಧಾರವಾಡದ ಕಡೆಯವರು. ‘ಬಿಸಿನೀರು ಬರುತ್ತಿಲ್ಲ. ತಾಯಿಗೆ ಎಪ್ಪತ್ತೆಂಟು ವರ್ಷ. ಏಳೂವರೆಗೆ ಚಾಮುಂಡಿ ಬೆಟ್ಟಕ್ಕೆ ಹೊರಡಬೇಕು.’

ಈ ಸಂದೇಶವನ್ನು ಸ್ವಲ್ಪ ಗಮನಿಸಿ. ಎಷ್ಟು ಒಳ್ಳೆಯ ದೂರು ಇದು! ಏನಾಗಿದೆ, ಯಾರಿಗೆ ತೊಂದರೆ, ಎಷ್ಟು ಗಂಟೆಯೊಳಗೆ ಬೇಕು, ಎಲ್ಲವೂ ಇದೆ. ಅತಿಥಿಯೇ ನಮಗೆ ಉತ್ತರದ ಅಚ್ಚು ಮಾಡಿಕೊಟ್ಟಿದ್ದಾನೆ. ನಮ್ಮ ಹುಡುಗ ಅದಕ್ಕೆ ಕಳಿಸಿದ ಉತ್ತರ ಹೀಗಿತ್ತು: ‘ಸೋಲಾರ್ ಸರ್. ಮೋಡ ಇದೆ. ಕಾಯಿರಿ.’

ಒಂದು ಅಕ್ಷರವೂ ಸುಳ್ಳಲ್ಲ. ಸೋಲಾರ್ ಹೌದು, ಮೋಡ ಹೌದು, ಕಾಯಬೇಕಾದದ್ದೂ ಹೌದು. ಆದರೆ ಹತ್ತು ನಿಮಿಷದಲ್ಲಿ ಆ ಮನುಷ್ಯ ಮೆಟ್ಟಿಲಿಳಿದು ಬಂದು, ಮೊಬೈಲನ್ನು ಕೌಂಟರಿನ ಮೇಲಿಟ್ಟು, ‘ಎಲ್ಲಿಯ ತನಕ ಕಾಯಬೇಕು, ಸೂರ್ಯ ಹುಟ್ಟುವ ತನಕವೋ?’ ಎಂದು ಕೇಳಿದರು. ನಾನು ಆಗಷ್ಟೇ ಪಾಳಿಗೆ ಬಂದಿದ್ದೆ. ಅಡುಗೆಮನೆಗೆ ಹೋಗಿ ನೋಡಿದರೆ ದೊಡ್ಡ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಎರಡು ಬಕೆಟ್ ಮೇಲೆ ಕಳಿಸಿದೆವು, ಅಜ್ಜಿ ಸ್ನಾನ ಮಾಡಿದರು, ಬೆಟ್ಟಕ್ಕೂ ಹೋದರು. ಅಂದರೆ ಪರಿಹಾರ ಆರು ಗಂಟೆ ಐದು ನಿಮಿಷಕ್ಕೇ ಹೋಟೆಲಿನೊಳಗೆ ಕುದಿಯುತ್ತಿತ್ತು. ಉತ್ತರ ಬರೆದವನು ಅಡುಗೆಮನೆಗೆ ಒಂದು ಫೋನ್ ಮಾಡಿರಲಿಲ್ಲ, ಅಷ್ಟೇ.

ಮಧ್ಯಾಹ್ನ ಸ್ವಲ್ಪ ಬಿಡುವಾದಾಗ ಆ ಹುಡುಗನನ್ನು ಕೂರಿಸಿಕೊಂಡು, ಅದೇ ಉತ್ತರವನ್ನು ಕಾಗದದ ಮೇಲೆ ಮತ್ತೆ ಬರೆ ಎಂದೆ. ಮೊದಲ ಸಲ ಬರೆದ: ‘ಗೌರವಾನ್ವಿತ ಅತಿಥಿಗಳೇ, ತಮಗೆ ಉಂಟಾದ ಅನಾನುಕೂಲತೆಗಾಗಿ ನಾವು ತೀವ್ರವಾಗಿ ವಿಷಾದಿಸುತ್ತೇವೆ.’ ನಾನು ಕೇಳಿದೆ, ‘ಸರಿಯಪ್ಪ, ಇದರಲ್ಲಿ ಅಜ್ಜಿ ಸ್ನಾನ ಮಾಡುವುದು ಹೇಗೆ?’ ರೈಲ್ವೆ ನಿಲ್ದಾಣದ ಧ್ವನಿವರ್ಧಕದಲ್ಲಿ ಬರುವಂಥ ಮಾತು ಅದು. ಯಾವ ದೂರಿಗೆ ಬೇಕಾದರೂ ಹೊಂದುತ್ತದೆ, ಆದ್ದರಿಂದ ಯಾವ ದೂರಿಗೂ ಉತ್ತರವಲ್ಲ.

ಎರಡನೆಯ ಸಲ ಅವನು ಸೋಲಾರ್ ಹೇಗೆ ಕೆಲಸ ಮಾಡುತ್ತದೆ ಎಂದು ಎಂಟು ಸಾಲು ಬರೆದ. ಕೊನೆಗೆ ‘ಕ್ಷಮಿಸಿ, ಆದರೆ ಇದು ನಮ್ಮ ಕೈಯಲ್ಲಿಲ್ಲ’ ಎಂದು ಸೇರಿಸಿದ. ‘ಕ್ಷಮಿಸಿ’ ಆದ ಮೇಲೆ ‘ಆದರೆ’ ಬಂದರೆ, ಕೇಳಿದ ಕ್ಷಮೆಯನ್ನು ವಾಪಸು ತೆಗೆದುಕೊಂಡ ಹಾಗೆ. ಅಲ್ಲದೆ, ಅದು ನಮ್ಮ ಕೈಯಲ್ಲೇ ಇತ್ತು. ಮೋಡದ ದಿನಕ್ಕೆಂದೇ ಆ ಟ್ಯಾಂಕಿಗೆ ವಿದ್ಯುತ್ ಹೀಟರ್ ಇತ್ತು, ರಾತ್ರಿ ಯಾರೂ ಸ್ವಿಚ್ ಹಾಕಿರಲಿಲ್ಲ.

ಮೂರನೆಯ ಸಲ ಬರೆದ: ‘ತಕ್ಷಣ ಹೀಟರ್ ಹಾಕಿಸುತ್ತೇವೆ ಸರ್, ಈಗಲೇ ಬಿಸಿನೀರು ಬರುತ್ತದೆ.’ ನನಗೆ ಅತ್ಯಂತ ಸಿಟ್ಟು ಬರುವುದು ಈ ‘ತಕ್ಷಣ’ ಎಂಬ ಪದಕ್ಕೆ. ಅವನಿಗೆ ಕಾಗದದ ಅಂಚಿನಲ್ಲೇ ಲೆಕ್ಕ ಹಾಕಿ ತೋರಿಸಿದೆ. ಎರಡು ಸಾವಿರ ಲೀಟರ್ ನೀರನ್ನು ಇಪ್ಪತ್ತು ಡಿಗ್ರಿ ಏರಿಸಬೇಕಾದರೆ ಸುಮಾರು 46 ಯೂನಿಟ್ ವಿದ್ಯುತ್ ಬೇಕು. ನಮ್ಮ ಹೀಟರ್ 12 ಕಿಲೋವಾಟಿನದು, ಗಂಟೆಗೆ 12 ಯೂನಿಟ್ ತಿನ್ನುತ್ತದೆ. ಅಂದರೆ ನಾಲ್ಕು ಗಂಟೆ. ಬೆಳಿಗ್ಗೆ ಆರಕ್ಕೆ ಸ್ವಿಚ್ ಹಾಕಿದರೆ ನೀರು ಕಾಯುವುದು ಹತ್ತಕ್ಕೆ. ಏಳೂವರೆಗೆ ಹೊರಡುವವರಿಗೆ ಹತ್ತು ಗಂಟೆಯ ನೀರನ್ನು ‘ತಕ್ಷಣ’ ಎಂದು ಮಾರಿದರೆ, ಅವರು ಏಳೂಕಾಲಿಗೆ ಕೆಳಗಿಳಿದು ಬರುತ್ತಾರೆ, ಆಗ ಬರುವುದು ಬರೀ ಮೊಬೈಲ್ ಹಿಡಿದುಕೊಂಡಲ್ಲ.

ನಾಲ್ಕನೆಯ ಸಲಕ್ಕೆ ಅವನು ಬರೆದದ್ದನ್ನು ಹಾಗೆಯೇ ಓದುತ್ತೇನೆ. ‘ನಮಸ್ಕಾರ ಸರ್. ನಿನ್ನೆ ಮೋಡವಿದ್ದುದರಿಂದ ಸೋಲಾರ್ ನೀರು ಕಾದಿಲ್ಲ. ರಾತ್ರಿಯೇ ಹೀಟರ್ ಹಾಕಬೇಕಿತ್ತು, ನಾವು ಹಾಕಲಿಲ್ಲ, ಕ್ಷಮಿಸಿ. ನಲ್ಲಿಯಲ್ಲಿ ಬಿಸಿನೀರು ಹತ್ತು ಗಂಟೆಗೆ ಮೊದಲು ಬರುವುದಿಲ್ಲ. ಅಮ್ಮನವರ ಸ್ನಾನಕ್ಕೆ ಅಡುಗೆಮನೆಯಿಂದ ಎರಡು ಬಕೆಟ್ ಬಿಸಿನೀರನ್ನು ರೂಮ್ ಬಾಯ್ 6.40ಕ್ಕೆ ನಿಮ್ಮ ಬಾಗಿಲಿಗೆ ತರುತ್ತಾನೆ. ನಿಮಗೂ ಬೇಕಾದರೆ ತಿಳಿಸಿ, ಇನ್ನೆರಡು ಬಕೆಟ್ 7 ಗಂಟೆಗೆ ಬರುತ್ತದೆ.’

ನೋಡಿ, ಯಾರು? ರೂಮ್ ಬಾಯ್. ಏನು? ಎರಡು ಬಕೆಟ್. ಎಷ್ಟು ಗಂಟೆಗೆ? ಆರು ನಲವತ್ತಕ್ಕೆ. ಕೆಟ್ಟ ಸುದ್ದಿಯನ್ನೂ ಮುಚ್ಚಿಟ್ಟಿಲ್ಲ, ಹತ್ತು ಗಂಟೆಗೆ ಮೊದಲು ನಲ್ಲಿಯಲ್ಲಿ ಬರುವುದಿಲ್ಲ ಎಂದು ನೇರವಾಗಿಯೇ ಇದೆ. ಕ್ಷಮೆ ಒಂದೇ ಪದ. ‘ತಾಯಿ’ ಎಂದು ಅವರು ಬರೆದದ್ದನ್ನು ಇವನು ‘ಅಮ್ಮನವರು’ ಎಂದ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ, ಅವನಿಗೇ ಹೊಳೆದದ್ದು. ಇಡೀ ಉತ್ತರದಲ್ಲಿ ವಿನಯವೆಂದು ಹೇಳಬಹುದಾದದ್ದು ಆ ಒಂದು ಪದ, ಸಾಕು.

ಇಷ್ಟೆಲ್ಲ ಬರೆಯುತ್ತಾ ಕುಳಿತರೆ ಹೊತ್ತು ಎಲ್ಲಿದೆ ಎಂದು ನೀವು ಕೇಳುತ್ತೀರಿ. ತರಗತಿಯಲ್ಲೂ ಕೇಳುತ್ತಾರೆ. ಬರೆಯಲು ಒಂದು ನಿಮಿಷ ಸಾಕು. ಹೊತ್ತು ಹಿಡಿಯುವುದು ಬರೆಯುವ ಮೊದಲಿನ ಫೋನ್ ಕರೆ. ಅಡುಗೆಮನೆಗೆ, ಎಲೆಕ್ಟ್ರಿಷಿಯನ್‌ಗೆ, ಹೌಸ್‌ಕೀಪಿಂಗ್‌ಗೆ ಕೇಳದೆ ನೀವು ಗಂಟೆ ಬರೆಯಲಾರಿರಿ. ಹಾಗಾಗಿ ಮೊದಲು ‘ನೋಡಿದೆ ಸರ್, ವಿಚಾರಿಸಿ ಐದು ನಿಮಿಷದಲ್ಲಿ ತಿಳಿಸುತ್ತೇನೆ’ ಎಂದು ಒಂದು ಸಾಲು ಕಳಿಸಿ. ಅದರಲ್ಲೂ ಗಂಟೆ ಇದೆ, ಗಮನಿಸಿ. ಐದು ನಿಮಿಷವೆಂದರೆ ಐದೇ ನಿಮಿಷ. ಎಲೆಕ್ಟ್ರಿಷಿಯನ್ ಇಪ್ಪತ್ತು ನಿಮಿಷ ಎಂದರೆ ನೀವು ಮೂವತ್ತು ಎಂದು ಬರೆಯಿರಿ, ಅವನ ಸ್ವಭಾವ ನಿಮಗೆ ಗೊತ್ತೇ ಇದೆ. ಅವನು ಬರುವುದು ಇನ್ನೂ ತಡವಾಗುತ್ತದೆ ಎಂದು ಗೊತ್ತಾದರೆ, ಹೇಳಿದ ಗಂಟೆ ಮೀರುವ ಮೊದಲೇ ಹೊಸ ಗಂಟೆ ತಿಳಿಸಿ. ಏಳಕ್ಕೆ ಎಂದಿದ್ದರೆ ಆರು ಐವತ್ತೈದಕ್ಕೆ. ಏಳು ಐದಕ್ಕೆ ಬರೆದರೆ ಅದು ಎರಡನೆಯ ದೂರಿಗೆ ಉತ್ತರವಾಗುತ್ತದೆ.

ಬಿಸಿನೀರಿನ ದೂರಿನಲ್ಲಿ ಇನ್ನೊಂದು ಬಗೆ ಇದೆ. ಹಿಂದಿನ ದಿನ ಚೆನ್ನಾಗಿ ಬಿಸಿಲಿತ್ತು, ಟ್ಯಾಂಕಿನಲ್ಲಿ ನೀರು ಸುಡುತ್ತಿದೆ, ಆದರೂ ಕೋಣೆಯಲ್ಲಿ ತಣ್ಣೀರು. ಮುಕ್ಕಾಲು ಇಂಚಿನ ಮೂವತ್ತು ಮೀಟರ್ ಪೈಪಿನಲ್ಲಿ ಒಂಬತ್ತು ಲೀಟರಿನಷ್ಟು ನೀರು ರಾತ್ರಿಯಿಡೀ ನಿಂತು ತಣ್ಣಗಾಗಿರುತ್ತದೆ. ಅರ್ಧ ಬಕೆಟ್. ಅದು ಹೋಗುವ ತನಕ ಬಿಸಿನೀರು ಬಾರದು. ಇದಕ್ಕೆ ‘ನಲ್ಲಿ ಬಿಟ್ಟು ನೋಡಿ’ ಎಂದು ಬರೆದರೆ ಅತಿಥಿಗೆ ನಲ್ಲಿ ತಿರುಗಿಸಲು ಬರುವುದಿಲ್ಲ ಎಂದು ಹೇಳಿದಂತಾಗುತ್ತದೆ. ‘ನಿಮ್ಮ ಕೋಣೆ ಟ್ಯಾಂಕಿನಿಂದ ದೂರವಿದೆ ಸರ್, ಮೊದಲ ಅರ್ಧ ಬಕೆಟ್ ತಣ್ಣಗಿರುತ್ತದೆ. ಒಂದು ಬಕೆಟ್ ತುಂಬಿದ ಮೇಲೂ ಬಿಸಿಯಾಗದಿದ್ದರೆ ಒಂದು ಸಾಲು ಬರೆಯಿರಿ, ಹತ್ತು ನಿಮಿಷದಲ್ಲಿ ಪ್ಲಂಬರ್ ಬರುತ್ತಾನೆ.’ ಮತ್ತೆ ಅದೇ: ಯಾರು, ಏನು, ಎಷ್ಟು ಗಂಟೆಗೆ.

ನನಗೆ ಕೊಟ್ಟ ಸಮಯದಲ್ಲಿ ಮುಕ್ಕಾಲು ಪಾಲು ಬಿಸಿನೀರಿಗೇ ಹರಿದುಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಗದ್ದಲದ ದೂರು. ಪಕ್ಕದ ಛತ್ರದಲ್ಲಿ ಮದುವೆ, ರಾತ್ರಿ ಹತ್ತೂವರೆಯಾದರೂ ಧ್ವನಿವರ್ಧಕ. ನಾವು ಒತ್ತುವ ಉತ್ತರ: ‘ಅದು ಪಕ್ಕದ ಛತ್ರದ್ದು ಸರ್, ನಮ್ಮದಲ್ಲ.’ ನಮ್ಮದಲ್ಲ ಎಂದು ಅತಿಥಿಗೂ ಗೊತ್ತು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಬಯಲಲ್ಲಿ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮಗಳೇ ಹೇಳುತ್ತವೆ. ಆದ್ದರಿಂದ ಮೊದಲು ಛತ್ರದ ಮ್ಯಾನೇಜರಿಗೆ ಫೋನ್, ಆಮೇಲೆ ಉತ್ತರ: ‘ಛತ್ರದವರ ಜತೆ ಮಾತನಾಡಿದೆ ಸರ್, ಹತ್ತು ನಲವತ್ತೈದಕ್ಕೆ ನಿಲ್ಲಿಸುತ್ತೇವೆ ಎಂದಿದ್ದಾರೆ. ನಿಲ್ಲದಿದ್ದರೆ ಹಿಂಭಾಗದಲ್ಲಿ ಒಂದು ಕೋಣೆ ನಿಮಗಾಗಿ ಇಟ್ಟಿದ್ದೇನೆ, ಬಾಡಿಗೆ ಅಷ್ಟೇ, ಸಾಮಾನು ನಮ್ಮ ಹುಡುಗ ಸಾಗಿಸುತ್ತಾನೆ.’ ಕೋಣೆ ಖಾಲಿ ಇಲ್ಲದಿದ್ದರೆ ಆ ಸಾಲು ಬರೆಯಬೇಡಿ. ಇಲ್ಲದ ಕೋಣೆಯನ್ನು ಕೊಡುವುದು ವಿನಯವಲ್ಲ.

ಬಿಲ್ಲಿನ ದೂರು. ‘ಸರ್ವೀಸ್ ಚಾರ್ಜ್ ಯಾಕೆ ಹಾಕಿದ್ದೀರಿ?’ ಎಂದರೆ ‘ನಮ್ಮ ನಿಯಮ ಸರ್’ ಎನ್ನುತ್ತೀರಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲೇ ಹೋಟೆಲುಗಳು ಬಿಲ್ಲಿಗೆ ಅದನ್ನು ತಾವಾಗಿಯೇ ಸೇರಿಸಬಾರದು ಎಂದು ಹೇಳಿದೆ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಇಲ್ಲಿ ನಯವಾದ ವಾಕ್ಯಗಳಿಂದ ಏನೂ ಆಗದು. ‘ತೆಗೆದು ಹೊಸ ಬಿಲ್ ಹತ್ತು ನಿಮಿಷದಲ್ಲಿ ಕಳಿಸುತ್ತೇನೆ ಸರ್’, ಇಷ್ಟೇ.

ಮತ್ತೆ, ‘ಬೇರೆ ಯಾರೂ ದೂರು ಹೇಳಿಲ್ಲ’ ಎಂಬುದನ್ನು ಮಾತ್ರ ಎಂದೂ ಬರೆಯಬೇಡಿ. ಜಗಳಕ್ಕೆ ಕರೆದಂತೆ ಅದು.

ಪಾಳಿ ಬದಲಾಗುವಾಗ ನೀವು ಕೊಟ್ಟ ಗಂಟೆಯನ್ನು ಲಾಗ್ ಪುಸ್ತಕದಲ್ಲಿ ಬರೆದಿಡಿ. ‘ಬಿಸಿನೀರು ದೂರು, ನೋಡಿಕೊಳ್ಳಿ’ ಎಂದಲ್ಲ. ‘ಮೂರನೆಯ ಮಹಡಿ, ಎರಡು ಬಕೆಟ್, 6.40’ ಎಂದು. ನಮ್ಮ ಆ ಹುಡುಗ ಮುಂದೆ ಇನ್ನೂ ಒಂದು ಹೆಜ್ಜೆ ಹೋದ. ಮೋಡ ಕವಿದ ಸಂಜೆಗಳಲ್ಲಿ ರಾತ್ರಿ ಎರಡು ಗಂಟೆಗೆ ಹೀಟರ್ ಹಾಕಬೇಕೆಂದು ಲಾಗ್ ಪುಸ್ತಕದ ಮೇಲ್ಭಾಗದಲ್ಲಿ ಕೆಂಪು ಶಾಯಿಯಲ್ಲಿ ಬರೆದು, ಒಂಬತ್ತು ಗಂಟೆಗೇ ಎಲ್ಲ ಕೋಣೆಗಳಿಗೆ ‘ನಾಳೆ ಬಿಸಿನೀರು ಆರು ಗಂಟೆಯಿಂದ’ ಎಂದು ಕಳಿಸತೊಡಗಿದ.

ನನ್ನ ಸಮಯ ಮುಗಿಯಿತು. ಈ ಹತ್ತು ನಿಮಿಷದಲ್ಲಿ ನಿಮ್ಮ ಕೌಂಟರಿನ ಮೇಲಿನ ಮೊಬೈಲ್ ಗುಂಯ್‌ಗುಟ್ಟಿದ್ದರೆ ರೇಡಿಯೋ ಆರಿಸಿ, ಮೊದಲು ಆ ಸಂದೇಶ ನೋಡಿ. ನಮಸ್ಕಾರ.