ದೊಡ್ಡಮ್ಮ ಹೇಳಿದ ಹೌದು

ಕೇಳುಗರಿಗೆಲ್ಲ ನಮಸ್ಕಾರ. ಅನುವಾದದ ಬಗ್ಗೆ ಮಾತಾಡ್ಲಿಕ್ಕೆ ಕರ್ದಿದ್ದಾರೆ, ಆದ್ರೆ ನಾನು ಆಸ್ಪತ್ರೆಯಿಂದ ಶುರು ಮಾಡ್ತೇನೆ, ಯಾಕಂದ್ರೆ ನನಗೆ ಈ ವಿಷಯ ತಲೆಗೆ ಹೋದದ್ದೇ ಅಲ್ಲಿ.

ನಮ್ಮ ದೊಡ್ಡಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲು, ಕಾಸರಗೋಡಿನ ಬದಿಯಡ್ಕದಿಂದ ಮಂಗಳೂರಿಗೆ ಕರ್ಕೊಂಡು ಹೋಗಿದ್ದೆ. ಆಪರೇಷನ್ ದಿನ ಬೆಳಿಗ್ಗೆ ಬಂದ ಡಾಕ್ಟ್ರು ಉತ್ತರ ಭಾರತದ ಕಡೆಯವರು, ಕನ್ನಡ ಬರುದಿಲ್ಲ, ಹಾಗಾಗಿ ನಡುವೆ ಮಾತು ದಾಟಿಸುವ ಕೆಲಸ ನನ್ನ ಮೇಲೆ ಬಿತ್ತು. ಅವರು ಕೇಳಿದ್ದು, ಶೀ ಹ್ಯಾಸಂಟ್ ಈಟನ್ ಎನಿಥಿಂಗ್, ಹ್ಯಾಸ್ ಶೀ? ನಾನು ದೊಡ್ಡಮ್ಮನ ಹತ್ರ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಲ್ವಾ ದೊಡ್ಡಮ್ಮ ಅಂದೆ. ದೊಡ್ಡಮ್ಮ, ಹೌದು ಅಂದ್ರು. ನಾನು ಡಾಕ್ಟ್ರ ಕಡೆ ತಿರುಗಿ ಯೆಸ್ ಅಂದೆ. ಅವರ ಪೆನ್ನು ಅಲ್ಲೇ ನಿಂತಿತು! ಏನು ತಿಂದ್ರು, ಎಷ್ಟು ಗಂಟೆಗೆ ತಿಂದ್ರು ಅಂತ ಶುರುವಾಯ್ತು, ಯಾಕಂದ್ರೆ ಅನಸ್ತೇಷ್ಯ ಕೊಡುವ ಮುಂಚೆ ಗಟ್ಟಿ ಆಹಾರ ತಿಂದು ಕಡಿಮೆ ಅಂದ್ರೂ 6 ಗಂಟೆ ಕಳೆದಿರ್ಬೇಕು, ಇಲ್ಲದಿದ್ರೆ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯ ಉಂಟು. ಪಾಪ ದೊಡ್ಡಮ್ಮ ಮಂಚದಲ್ಲಿ ಕೂತು ನಮ್ಮಿಬ್ಬರ ಮುಖ ನೋಡ್ತಾ ಇದ್ರು, ರಾತ್ರಿಯಿಂದ ಒಂದು ಹನಿ ಗಂಜಿ ಕೂಡ ಕುಡಿದಿರ್ಲಿಲ್ಲ ಅವರು.

ದೊಡ್ಡಮ್ಮನ ತಪ್ಪಲ್ಲ, ಡಾಕ್ಟ್ರದ್ದೂ ಅಲ್ಲ, ನಂದೇ. ಕನ್ನಡದಲ್ಲಿ ಹೌದು ಅಂದ್ರೆ ನೀನು ಹೇಳಿದ ಮಾತು ಸರಿ ಅಂತ. ನಾನು ಹೇಳಿದ ಮಾತು ತಿಂದಿಲ್ಲ ಅಂತ ಇತ್ತು, ಅದಕ್ಕೆ ಅವರು ಹೌದು ಅಂದ್ರು. ಇಂಗ್ಲಿಷಿನ ಯೆಸ್ ಹಾಗಲ್ಲ, ಅದಕ್ಕೆ ಎದುರಿನವ ಹೇಗೆ ಕೇಳಿದ ಅನ್ನುದು ಲೆಕ್ಕಕ್ಕೆ ಇಲ್ಲ, ತಿಂದಿದ್ರೆ ಯೆಸ್, ತಿಂದಿರದಿದ್ರೆ ನೋ, ಅಷ್ಟೆ. ಇದರ ಮೇಲೆ ಇನ್ನೊಂದು ತೊಂದರೆ ಎಂತ ಅಂದ್ರೆ ನಾವೂ ಒಂದೇ ನಮೂನೆ ಹೇಳುದಿಲ್ಲ. ತಿಂದಿಲ್ವಾ ಅಂತ ಕೇಳಿದ್ರೆ ಒಬ್ರು ಹೌದು ತಿಂದಿಲ್ಲ ಅಂತಾರೆ, ಇನ್ನೊಬ್ರು ಇಲ್ಲ ತಿಂದಿಲ್ಲ ಅಂತಾರೆ, ಎರಡೂ ಸರಿಯೇ. ಎರಡರಲ್ಲೂ ಅರ್ಥ ಹೊರುವುದು ಕೊನೆಯ ಕ್ರಿಯಾಪದ. ಆ ಕಾರಣಕ್ಕೆ ನಾನೀಗ ಇಂಗ್ಲಿಷಿನ ಒಂಟಿ ಯೆಸ್, ಒಂಟಿ ನೋ ಬಂದ್ರೆ ಅದನ್ನ ಒಂಟಿಯಾಗಿ ಬಿಡುದೇ ಇಲ್ಲ, ಹಿಂದೆ ಒಂದು ಕ್ರಿಯಾಪದ ಕಟ್ಟಿಯೇ ಕಳಿಸುದು.

ಇನ್ನು ಬರವಣಿಗೆಗೆ ಬರುವ. ಊರಿನ ಒಂದು ನಾಟಕ ತಂಡದ ಮಕ್ಕಳಿಗೆ ಅನುವಾದ ಹೇಳಿಕೊಡುವಾಗ ನಾನೇ ಐದು ಸಾಲಿನ ಒಂದು ಇಂಗ್ಲಿಷ್ ಸಂಭಾಷಣೆ ಬರೆದು ಕೊಟ್ಟಿದ್ದೆ. ಮನೆ ಓನರ್ ಹೆಂಗಸು, ಬಾಡಿಗೆಗೆ ಇರುವ ಹುಡುಗ. ಆಕೆ, ಯೂ ಹ್ಯಾವಂಟ್ ಪೇಯ್ಡ್ ದ ಕರೆಂಟ್ ಬಿಲ್, ಹ್ಯಾವ್ ಯೂ? ಹುಡುಗ, ನೋ, ಐ ಡಿಡಂಟ್ ಗೆಟ್ ನೋ ಬಿಲ್. ಆಕೆ, ಇಟ್ಸ್ ನಾಟ್ ದಟ್ ಐ ಡೋಂಟ್ ಬಿಲೀವ್ ಯೂ, ಬಟ್ ಯೂ ಸಾ ದ ಮೀಟರ್ ಮ್ಯಾನ್, ಡಿಡಂಟ್ ಯೂ? ಹುಡುಗ, ಐ ಡೋಂಟ್ ಥಿಂಕ್ ಹೀ ಕೇಮ್. ಆಕೆ, ವೆಲ್, ಡೋಂಟ್ ಫರ್ಗೆಟ್ ಟುಮಾರೋ, ವಿಲ್ ಯೂ?

ಒಬ್ಬ ಹುಡುಗ ಮಾಡಿಕೊಂಡು ಬಂದ ಮೊದಲ ಸಾಲು ಹೀಗಿತ್ತು, ನೀನು ಕರೆಂಟ್ ಬಿಲ್ಲನ್ನು ಕಟ್ಟಿಲ್ಲ, ಕಟ್ಟಿದ್ದೀಯಾ? ಇದು ಕೇಳಿದ್ರೆ ಆ ಹೆಂಗಸಿಗೆ ಮರೆವಿನ ಕಾಯಿಲೆ ಅಂತ ಅನಿಸ್ತದೆ. ಇಂಗ್ಲಿಷಿನಲ್ಲಿ ಮಾತಿನ ಕೊನೆಗೆ ಹ್ಯಾವ್ ಯೂ ಅಂತ ಪ್ರಶ್ನೆಯ ಒಂದು ಬಾಲ ಅಂಟಿಸ್ತಾರೆ, ಮೊದಲಿನ ಮಾತು ನೆಗೆಟಿವ್ ಆದ್ರೆ ಬಾಲ ಪಾಸಿಟಿವ್, ಮೊದಲಿಂದು ಪಾಸಿಟಿವ್ ಆದ್ರೆ ಬಾಲ ನೆಗೆಟಿವ್, ಅದು ಆ ಭಾಷೆಯ ವ್ಯಾಕರಣದ ಕಸರತ್ತು, ಅದರಲ್ಲಿ ಬೇರೆ ಅರ್ಥ ಇಲ್ಲ. ನಮ್ಮ ಬಾಲ ಹಾಗೆ ತಿರುಗುದಿಲ್ಲ. ಕಟ್ಟಿದ್ದಿ ಅಲ್ವಾ, ಕಟ್ಟಿಲ್ಲ ಅಲ್ವಾ, ಎರಡಕ್ಕೂ ಅದೇ ಅಲ್ವಾ. ತುಳುವಿನಲ್ಲಿ ಅತ್ತಾ ಅಂತೇವೆ, ಮಲಯಾಳದಲ್ಲಿ ಅಲ್ಲೇ ಅಂತೇವೆ, ಅವೂ ಹೀಗೇ ಒಂದೇ ರೂಪ. ನಮ್ಮ ಪಕ್ಕದ ಮನೆ ಮಗು ಮೊನ್ನೆ, ಮಾಮ ನಾಳೆ ಬರ್ತೀರಿ ಅಲ್ಲೇ ಅಂತ ಕೇಳಿತು, ಕನ್ನಡದಲ್ಲಿ ಅಲ್ಲೇ ಅಂದ್ರೆ ಆ ಜಾಗದಲ್ಲೇ ಅಂತ ಆಗ್ತದೆ, ಎಲ್ಲಿ ಮಗಾ ಅಂತ ನಾನು ತಮಾಷೆ ಮಾಡಿದೆ. ಕಾಸರಗೋಡಿನಲ್ಲಿ ಬೆಳೆದ ಮಕ್ಕಳಿಗೆ ಮೂರು ಭಾಷೆ ಒಂದೇ ನಾಲಗೆ ಮೇಲೆ ಓಡ್ತಾ ಇರ್ತದೆ, ಇದೆಲ್ಲ ಸಾಮಾನ್ಯ.

ಹಾಗಂತ ಎಲ್ಲ ಕಡೆ ಅಲ್ವಾ ಹಾಕಿ ಮುಗಿಸಿದ್ರೂ ಆಗುದಿಲ್ಲ. ನಮ್ಮಲ್ಲಿ ಬಾಲ ಒಂದಲ್ಲ, ಆರಿಸಿಕೊಳ್ಬೇಕು. ಓನರ್ ಹೆಂಗಸಿಗೆ ಬಿಲ್ ಕಟ್ಟದ್ದು ಗೊತ್ತುಂಟು, ಹುಡುಗ ಒಪ್ಪಿಕೊಳ್ಳಲಿ ಅಂತ ಕೇಳುದು, ಅದಕ್ಕೆ ಕಟ್ಟಿಲ್ಲ ಅಲ್ವಾ. ಆದ್ರೆ ಆಸ್ಪತ್ರೆಯ ಡಾಕ್ಟ್ರಿಗೆ ಗೊತ್ತಿಲ್ಲ, ತಿಂದಿರದೆ ಇದ್ರೆ ಒಳ್ಳೇದು ಅಂತ ಆಸೆ, ಖಾತ್ರಿ ಬೇಕು, ಅಲ್ಲಿ ನಾನು ಹೇಳ್ಬೇಕಾಗಿದ್ದದ್ದು ಏನೂ ತಿಂದಿಲ್ಲ ತಾನೆ ಅಂತ. ಇಂಗ್ಲಿಷಿನಲ್ಲಿ ಎರಡೂ ಕಡೆ ಒಂದೇ ಹ್ಯಾವ್, ಒಂದೇ ಹ್ಯಾಸ್, ವ್ಯತ್ಯಾಸ ಬರೀ ಸ್ವರದಲ್ಲಿ. ಬಾಲದಲ್ಲಿ ಸ್ವರ ಇಳಿದ್ರೆ ಒಪ್ಪಿಗೆ ಕೇಳುದು, ಏರಿದ್ರೆ ನಿಜವಾಗಿ ಗೊತ್ತಿಲ್ಲದೆ ಕೇಳುದು. ಕಾಗದದ ಮೇಲೆ ಸ್ವರ ಕಾಣುದಿಲ್ಲವಲ್ಲ, ಆಗ ನಾನು ಮುಂದಿನ ಸಾಲಿನ ಉತ್ತರ ನೋಡ್ತೇನೆ. ಉತ್ತರ ಕೊಟ್ಟವ ನೆಪ ಹೇಳ್ತಾ ಇದ್ರೆ ಕೇಳಿದವಳಿಗೆ ಮೊದಲೇ ಗೊತ್ತಿತ್ತು ಅಂತ ಅರ್ಥ, ಹೊಸ ಸುದ್ದಿ ಹೇಳ್ತಾ ಇದ್ರೆ ಗೊತ್ತಿರ್ಲಿಲ್ಲ ಅಂತ.

ಎರಡನೇ ಸಾಲು, ಐ ಡಿಡಂಟ್ ಗೆಟ್ ನೋ ಬಿಲ್. ಶಾಲೆಯಲ್ಲಿ ಎರಡು ನೆಗೆಟಿವ್ ಸೇರಿದ್ರೆ ಪಾಸಿಟಿವ್ ಅಂತ ಲೆಕ್ಕದ ಮೇಷ್ಟ್ರು ಹೇಳಿಕೊಟ್ಟದ್ದನ್ನ ನೆನಪಿಟ್ಟ ಒಬ್ಬಳು ಹುಡುಗಿ, ನನಗೆ ಬಿಲ್ ಸಿಗದೆ ಇರ್ಲಿಲ್ಲ ಅಂತ ಬರೆದಿದ್ಳು. ಅಲ್ಲಿಗೆ ಹುಡುಗ ತಾನೇ ಸಿಕ್ಕಿಬಿದ್ದ! ಈ ಆಡುಮಾತಿನ ಇಂಗ್ಲಿಷಿನಲ್ಲಿ ಎರಡು ನೆಗೆಟಿವ್ ಒಂದನ್ನೊಂದು ಕಡಿಯುದಿಲ್ಲ, ಒಂದಕ್ಕೊಂದು ಒತ್ತು ಕೊಡ್ತವೆ. ಕನ್ನಡದಲ್ಲಿ ಆ ಒತ್ತಿಗೆ ಇನ್ನೊಂದು ಇಲ್ಲ ಬೇಡ, ಏಕಾರ ಸಾಕು. ಬಿಲ್ಲೇ ಬರ್ಲಿಲ್ಲ. ಇನ್ನೂ ಗಟ್ಟಿ ಬೇಕಾದ್ರೆ ಬಿಲ್ ಬಂದೇ ಇಲ್ಲ. ಇದರ ಮೊದಲು ಬರುವ ನೋ ಇದೆಯಲ್ಲ, ಅದಕ್ಕೆ ಇಲ್ಲಕ್ಕ ಅಂತ ಹಾಕಬಹುದು, ಹೌದಕ್ಕ ಕಟ್ಟಿಲ್ಲ ಅಂತಲೂ ಹಾಕಬಹುದು, ಬರೀ ಹೌದು ಮಾತ್ರ ಬೇಡ, ಮತ್ತೆ ಆಸ್ಪತ್ರೆ ಕತೆ ಆಗ್ತದೆ.

ಮೂರನೇ ಸಾಲಿನಲ್ಲಿ ಇರುವುದು ನಿಜವಾದ ಡಬಲ್ ನೆಗೆಟಿವ್, ಇದೇ ನನಗೆ ಬಹಳ ಇಷ್ಟವಾದ ಜಾಗ. ಇಟ್ಸ್ ನಾಟ್ ದಟ್ ಐ ಡೋಂಟ್ ಬಿಲೀವ್ ಯೂ. ಇಂಗ್ಲಿಷಿಗೆ ಇರುವುದು ಒಂದೇ ನಾಟ್, ಅದನ್ನೇ ಎರಡು ಸಲ ತಿರುಗಿಸ್ಬೇಕು. ನಮಗೆ ಎರಡು ಉಂಟು. ಇಲ್ಲ ಅನ್ನುದು ಇರವನ್ನ, ನಡೆದದ್ದನ್ನ ನಿರಾಕರಿಸ್ತದೆ, ಅಲ್ಲ ಅನ್ನುದು ಇದು ಹಾಗಲ್ಲ, ಬೇರೆ ಅಂತ ಹೇಳ್ತದೆ. ಮನೆಯಲ್ಲಿ ಹಾಲಿಲ್ಲ ಅನ್ನುದಕ್ಕೂ ಇದು ಹಾಲಲ್ಲ ಅನ್ನುದಕ್ಕೂ ಚಾ ಮಾಡುವವರಿಗೆ ವ್ಯತ್ಯಾಸ ಗೊತ್ತುಂಟು. ತುಳುವಿನಲ್ಲೂ ಇಜ್ಜಿ ಬೇರೆ ಅತ್ತ್ ಬೇರೆ, ಮಲಯಾಳದಲ್ಲೂ ಇಲ್ಲ ಬೇರೆ ಅಲ್ಲ ಬೇರೆ, ತಮಿಳಿನವರು ಮಾತ್ರ ಈಗ ಮಾತಾಡುವಾಗ ಹೆಚ್ಚಾಗಿ ಇಲ್ಲೈ ಒಂದರಲ್ಲೇ ಎರಡೂ ಸುಧಾರಿಸ್ತಾರೆ. ಹಾಗಾಗಿ ನಮಗೆ ಈ ಸಾಲು ಸುಲಭ, ಒಳಗೆ ಇಲ್ಲ, ಹೊರಗೆ ಅಲ್ಲ. ನಿನ್ನ ಮಾತು ನಂಬುದಿಲ್ಲ ಅಂತ ಅಲ್ಲ. ಮಕ್ಕಳು ಇಟ್ಸ್ ಅನ್ನುದಕ್ಕೆ ಒಂದು ಅದು ತಂದು, ನಂಬುವುದಿಲ್ಲ ಎಂಬುದು ಅದಲ್ಲ ಅಂತ ಮಾಡಿದ್ರು, ಆ ಅದು ಯಾವುದು ಅಂತ ಕೇಳಿದ್ರೆ ಯಾರಿಗೂ ಗೊತ್ತಿಲ್ಲ. ಇನ್ನೊಬ್ಬ ಬುದ್ಧಿವಂತ ಎರಡನ್ನೂ ಹೊಡೆದು ಹಾಕಿ, ನಿನ್ನನ್ನು ನಂಬ್ತೇನೆ ಅಂತ ಬರೆದ. ತಪ್ಪಲ್ಲ, ಆದ್ರೆ ಆ ಹೆಂಗಸಿನ ಮನಸ್ಸಿನಲ್ಲಿದ್ದ ಅರ್ಧ ಸಂಶಯ ಹೋಯ್ತಲ್ಲ. ಡಬಲ್ ನೆಗೆಟಿವ್ ಅಂದ್ರೆ ಪಾಸಿಟಿವ್ ಅಲ್ಲ, ಪಾಸಿಟಿವಿನ ಹತ್ರ ಹೋಗಿ ಹೊಸ್ತಿಲಲ್ಲಿ ನಿಂತದ್ದು. ನಮ್ಮವರೂ ಬೆಂಕಿ ಇಲ್ಲದೆ ಹೊಗೆ ಬರುದಿಲ್ಲ ಅಂತಾರೆ, ಅದನ್ನ ಹೊಗೆ ಇದ್ರೆ ಬೆಂಕಿ ಇರ್ತದೆ ಅಂತ ನೇರ ಮಾಡಿದ್ರೆ ಮಾತೇ ಸತ್ತುಹೋಗ್ತದೆ. ನಾಟ್ ಬ್ಯಾಡ್ ಅನ್ನುದಕ್ಕೆ ಮಾತ್ರ ತಲೆ ಕೆಡಿಸ್ಕೊಳ್ಬೇಡಿ, ಪರವಾಗಿಲ್ಲ ಅಂತ ನಮ್ಮದೇ ಒಂದು ರೆಡಿ ಉಂಟು.

ಅದೇ ಸಾಲಿನ ಕೊನೆಯ ಡಿಡಂಟ್ ಯೂ ಒಪ್ಪಿಗೆ ಕೇಳುದಲ್ಲ, ನೆನಪು ಮಾಡಿಸಿ ಕಟ್ಟಿಹಾಕುದು. ಅದಕ್ಕೆ ಕ್ರಿಯಾಪದಕ್ಕೇ ಅಂಟುವ ಬಾಲ ಬೇಕು, ಮೀಟರ್ ನೋಡುವವನನ್ನ ನೋಡಿದ್ದೀಯಲ್ಲಾ.

ಈಗ ಐ ಡೋಂಟ್ ಥಿಂಕ್ ಹೀ ಕೇಮ್. ಅವನು ಬಂದನೆಂದು ನಾನು ಯೋಚಿಸುವುದಿಲ್ಲ ಅಂತ ಬರೆದ್ರೆ ಹುಡುಗನಿಗೆ ಯೋಚಿಸುವ ಅಭ್ಯಾಸವೇ ಇಲ್ಲ ಅಂತ ಆಯ್ತು. ಇಂಗ್ಲಿಷಿನವರು ಬರುವುದರ ಮೇಲಿನ ನಾಟನ್ನ ಎತ್ತಿ ಥಿಂಕಿನ ಮೇಲೆ ಇಡ್ತಾರೆ, ನಾವು ಅದನ್ನ ಇಳಿಸಿ ಬರುವುದಕ್ಕೇ ವಾಪಸ್ ಕೊಡ್ಬೇಕು. ನಮ್ಮ ಕಡೆಯ ಕನ್ನಡದಲ್ಲಿ ಥಿಂಕ್ ಕೂಡ ಬೇಡ, ಬಂದಿರ್ಲಿಕ್ಕಿಲ್ಲ ಅಂದ್ರೆ ಮುಗೀತು, ಊಹೆಯೂ ಬಂತು ನಿರಾಕರಣೆಯೂ ಬಂತು. ಒಂದೇ ಒಂದು ಜಾಗ್ರತೆ, ಅವನು ಬರ್ಲಿಕ್ಕಿಲ್ಲ ಅಂದ್ರೆ ಬಹುಶಃ ಬರುದಿಲ್ಲ, ಅವನಿಗೆ ಬರ್ಲಿಕ್ಕಿಲ್ಲ ಅಂದ್ರೆ ಅವನು ಬರುವ ಅಗತ್ಯ ಇಲ್ಲ. ಒಂದು ವಿಭಕ್ತಿ ತಪ್ಪಿದ್ರೆ ಬೇರೆಯೇ ಆಗ್ತದೆ.

ಕೊನೆಯ ವಿಲ್ ಯೂ ಪ್ರಶ್ನೆಯೇ ಅಲ್ಲ, ಆಜ್ಞೆಯನ್ನ ಸ್ವಲ್ಪ ಮೆತ್ತಗೆ ಮಾಡುದು, ಅದಕ್ಕೆ ನಮ್ಮ ಆಯ್ತಾ ಸಾಕು. ಈಗ ಐದೂ ಸಾಲು ಓದ್ತೇನೆ, ಇಂಗ್ಲಿಷನ್ನ ಮರೆತು ಕೇಳಿ.

ಕರೆಂಟ್ ಬಿಲ್ ಕಟ್ಟಿಲ್ಲ ಅಲ್ವಾ ನೀನು?

ಇಲ್ಲಕ್ಕ, ಬಿಲ್ಲೇ ಬರ್ಲಿಲ್ಲ.

ನಿನ್ನ ಮಾತು ನಂಬುದಿಲ್ಲ ಅಂತ ಅಲ್ಲ ಮಾರಾಯ, ಆದ್ರೆ ಮೀಟರ್ ನೋಡುವವನನ್ನ ನೋಡಿದ್ದೀಯಲ್ಲಾ?

ಅವನು ಬಂದಿರ್ಲಿಕ್ಕಿಲ್ಲಕ್ಕ.

ಆಯ್ತು, ನಾಳೆ ಮಾತ್ರ ಮರೀಬೇಡ, ಆಯ್ತಾ?

ನಾಟಕ ಬೆಂಗಳೂರಿಗೂ ಹೋಗುದುಂಟು, ಅಲ್ಲಿ ಬಂದಿರ್ಲಿಕ್ಕಿಲ್ಲ ನಡೀತದಾ ಅಂತ ಒಬ್ಬಳು ಕೇಳಿದ್ಳು. ಅಲ್ಲಿಗಾದ್ರೆ ಬಂದಿಲ್ಲ ಅನ್ಸುತ್ತೆ ಅಂತ ಮಾಡಿಕೊಳ್ಳಿ ಅಂದೆ, ಅಲ್ಲೂ ಇಲ್ಲ ಇರುವುದು ಬರುವುದರ ಮೇಲೆಯೇ. ಕಾಸರಗೋಡಿನ ಸ್ಟೇಜಿನಲ್ಲಿ ಮಾತ್ರ ಬಂದಿರ್ಲಿಕ್ಕಿಲ್ಲ ಅಂತಲೇ ಇರಲಿ. ನಮಸ್ಕಾರ.