ವೆಂಡರ್ ಕೊಟ್ಟ ಉಡುಗೊರೆ ಮನೆಗೇ ಬಂದುಬಿಟ್ಟರೆ? ಬೇಜಾರಾಗದಂತೆ ವಾಪಸ್ ಮಾಡೋದು ಹೀಗೆ

[ದೃಶ್ಯ: ಮನೆಯ ಟೇಬಲ್. ಮೇಲೆ ಬಣ್ಣದ ಕಾಗದ ಸುತ್ತಿದ ಡಬ್ಬಿ, ಪಕ್ಕದಲ್ಲಿ ಸಿಹಿ ತಿಂಡಿಯ ಪೊಟ್ಟಣ.]

ಎಲ್ಲರಿಗೂ ನಮಸ್ಕಾರ. ನಾನು ಬೀದರ್‌ನ ಕೊಳಾರ ಕೈಗಾರಿಕಾ ಪ್ರದೇಶದ ಒಂದು ಔಷಧ ಕಂಪನಿಯಲ್ಲಿ ಖರೀದಿ ವಿಭಾಗದಲ್ಲಿ ಕೆಲಸ ಮಾಡ್ತಿದ್ದೆ. ರಟ್ಟಿನ ಬಾಕ್ಸು, ಲೇಬಲ್, ಟೇಪು, ಇವುಗಳ ಆರ್ಡರ್ ನನ್ನ ಕೈಯಲ್ಲಿತ್ತು.

ಒಂದು ದೀಪಾವಳಿ ಸಂಜೆ ಮನೆಗೆ ಬಂದರೆ ಟೇಬಲ್ ಮೇಲೆ ಹೀಗೊಂದು ಡಬ್ಬಿ ಇತ್ತು. ಅವ್ವ ಹೇಳಿದರು, "ನಿಮ್ಮ ಆಫೀಸಿನವರು ಯಾರೋ ಕೊಟ್ಟು ಹೋದ್ರವ್ವ. ಬ್ಯಾಡ ಅಂದೆ, ಕೇಳಲಿಲ್ಲ." ಆಫೀಸಿನವರಲ್ಲ. ನಮಗೆ ಬಾಕ್ಸ್ ಕೊಡುವ ವೆಂಡರ್. ಒಳಗೆ ಬಿದ್ರಿ ಹೂದಾನಿ. ಕಪ್ಪು ಲೋಹದ ಮೇಲೆ ಬೆಳ್ಳಿ ಎಳೆಯ ಕೆಲಸ. ಜೊತೆಗೆ ಅರ್ಧ ಕೆಜಿ ಲಾಡು. ಅದರಲ್ಲಿ ನಾಲ್ಕು ಆಗಲೇ ಪಕ್ಕದ ಮನೆಯ ಮಕ್ಕಳ ಹೊಟ್ಟೆ ಸೇರಿದ್ದವು.

ಆ ವಾರ ಮುಂದಿನ ವರ್ಷದ ಬಾಕ್ಸ್ ರೇಟಿಗೆ ನಾವು ಮೂವರಿಂದ ಕೊಟೇಶನ್ ಕರೆದಿದ್ದೆವು. ಅವರು ಆ ಮೂವರಲ್ಲಿ ಒಬ್ಬರು.

[ದೃಶ್ಯ: ಪರದೆಯ ಮೇಲೆ ಎರಡು ಸಾಲು — "ಎಷ್ಟು ಬೆಲೆ?" "ಯಾವಾಗ ಬಂತು?"]

ನಮ್ಮ ಕಂಪನಿಯ ನಡತೆ ನಿಯಮದಲ್ಲಿ ಸಾವಿರ ರೂಪಾಯಿಯ ಮಿತಿ ಇತ್ತು. ನಿಮ್ಮಲ್ಲಿ ಬೇರೆ ಇರಬಹುದು. ಕೆಲವು ಕಡೆ ಡೈರಿ, ಕ್ಯಾಲೆಂಡರ್ ಬಿಟ್ಟರೆ ಏನೂ ಮುಟ್ಟುವಂತಿಲ್ಲ. ಆದರೆ ಬಹಳ ಜನ ಮಿತಿಯನ್ನಷ್ಟೇ ನೋಡ್ತಾರೆ, ಅದರ ಕೆಳಗಿನ ಸಾಲು ಓದೋದೇ ಇಲ್ಲ. ನಮ್ಮಲ್ಲಿ ಆ ಸಾಲು ಹೀಗಿತ್ತು: ಕೊಟೇಶನ್ ನಡೀತಿರುವಾಗ ಯಾವ ಬೆಲೆಯದ್ದೂ ಬೇಡ. ನಗದು, ಗಿಫ್ಟ್ ಕಾರ್ಡ್ ಯಾವತ್ತೂ ಬೇಡ. ಮನೆಯವರ ಕೈಗೆ ಕೊಟ್ಟರೂ ನಿಮಗೆ ಕೊಟ್ಟಂತೆಯೇ. ಅಂದರೆ ಹೂದಾನಿಯ ಬೆಲೆ ವಿಚಾರಿಸಲು ನಾನು ಚೌಬಾರಾ ಕಡೆಯ ಅಂಗಡಿಗೆ ಹೋಗಬೇಕಿರಲಿಲ್ಲ. ಐನೂರು ರೂಪಾಯಿಯದಾಗಿದ್ದರೂ ಅದು ವಾಪಸ್ ಹೋಗಲೇಬೇಕಿತ್ತು.

ಈಗ ಕಷ್ಟದ ಭಾಗ. ಬೇಡ ಅನ್ನೋದು ಹೇಗೆ?

[ದೃಶ್ಯ: ನಿರೂಪಕಿ ಕ್ಯಾಮೆರಾಗೆ ಹತ್ತಿರ.]

ನಮ್ಮ ಕಡೆ "ಬ್ಯಾಡ್ರಿ" ಅನ್ನೋದು ಮರ್ಯಾದೆಯ ಮಾತು. ಊಟಕ್ಕೆ ಕೂತಾಗ ಇನ್ನೊಂದು ರೊಟ್ಟಿ ಹಾಕಲು ಬಂದರೆ ಎರಡು ಸಲ ಬ್ಯಾಡ ಅಂತೀವಿ. ಮೂರನೇ ಸಲ ಹಾಕಿಸಿಕೊಳ್ತೀವಿ, ಅಲ್ವಾ? ಹಾಕುವವರಿಗೂ ಇದು ಗೊತ್ತು. ಅವ್ವ ಬ್ಯಾಡ ಅಂದಿದ್ದನ್ನು ವೆಂಡರ್ ಕೇಳಿಸಿಕೊಳ್ಳದೆ ಇದ್ದಿದ್ದಕ್ಕೆ ಕಾರಣ ಇದೇ. ಅವರ ಕಿವಿಗೆ ಅದು ಬರೀ ಸಂಕೋಚ. ಹಾಗಾಗಿ ಸುಮ್ನೆ ಬ್ಯಾಡ ಅಂದರೆ ಸಾಲದು, ಕಾರಣ ಹೇಳಬೇಕು. ಆ ಕಾರಣ ನಿಮ್ಮ ಮನಸ್ಸಿನದ್ದಾಗಿರಬಾರದು, ಕಂಪನಿಯ ನಿಯಮದ್ದಾಗಿರಬೇಕು.

ಇಲ್ಲಿ ಎರಡು ಮಾತು ಬಾಯಿಗೆ ಬೇಗ ಬರುತ್ತವೆ. ಎರಡೂ ಕೆಲಸ ಕೆಡಿಸುತ್ತವೆ. ಒಂದು, "ಈಗ ಬ್ಯಾಡ್ರಿ, ಮುಂದೆ ನೋಡೋಣ." ಕೇಳಿದವರಿಗೆ ಆರ್ಡರ್ ಆದಮೇಲೆ ಕೊಡಬೇಕು ಅಂತ ಅನಿಸುತ್ತೆ. ಇನ್ನೂ ಜಾಸ್ತಿ ಕೇಳ್ತಿದ್ದಾರೆ ಅಂತಲೂ ಅನಿಸಬಹುದು. ಇನ್ನೊಂದು, "ನಮ್ಮ ಸಾಹೇಬ್ರು ಬೈತಾರೆ." ಹಾಗಂದರೆ ಸಾಹೇಬರಿಗೆ ಗೊತ್ತಾಗದಂತೆ ಕೊಟ್ಟರೆ ನಡೆಯುತ್ತೆ ಅಂತ ಅರ್ಥ. ನಾನೇ ಮೊದಲ ವರ್ಷ ಈ ಎರಡನೇ ಮಾತು ಆಡಿದ್ದೆ. ಮರು ವಾರವೇ ಒಬ್ಬರು ಡಬ್ಬಿ ಹಿಡಿದು ಬಸ್ ಸ್ಟಾಂಡ್ ಹತ್ತಿರ ಕಾಯ್ತಾ ನಿಂತಿದ್ದರು.

ಅವತ್ತು ರಾತ್ರಿಯೇ ನಾನು ಫೋನ್ ಮಾಡಿದೆ. ಮೆಸೇಜ್ ಕಳಿಸಿದ್ದರೆ ಒರಟಾಗಿ ಕಾಣ್ತಿತ್ತು.

[ಧ್ವನಿ: ಫೋನ್ ಮಾತುಕತೆ]

"ಅಣ್ಣಾರ, ನಮಸ್ಕಾರ್ರಿ. ಹಬ್ಬದ ಶುಭಾಶಯ. ಹೂದಾನಿ ಭಾಳ ಛಲೋ ಅದ ರೀ. ಆದ್ರ ನಾ ಇಟ್ಕೊಳ್ಳಂಗಿಲ್ಲ. ಕಂಪನಿ ನಿಯಮ ಅದ, ವೆಂಡರ್ ಕಡಿಂದ ಇಂಥಾದ್ದು ಯಾರೂ ತಗೋಬಾರ್ದು. ನಾಳೆ ಆಫೀಸಿನಿಂದ ವಾಪಸ್ ಕಳಸ್ತೀನ್ರಿ."

"ಯಾಕ್ರಿ ಮೇಡಂ, ನಮ್ಮಿಂದ ಏನರ ತಪ್ಪಾಯ್ತೇನ್ರಿ? ಹಬ್ಬದ್ದು ಅದ ರೀ, ವಾಪಸ್ ಕಳಸಬ್ಯಾಡ್ರಿ."

"ತಪ್ಪೇನಿಲ್ರಿ ಅಣ್ಣಾರ. ಎಲ್ಲಾರಿಗೂ ಒಂದೇ ನಿಯಮ. ನಿಮ್ಮ ಕೊಟೇಶನ್‌ಗೂ ಇದಕ್ಕೂ ಸಂಬಂಧ ಇಲ್ಲ. ಇದರಿಂದ ನಿಮಗ ಛಲೋನೂ ಆಗಂಗಿಲ್ಲ, ಕೆಟ್ಟದ್ದೂ ಆಗಂಗಿಲ್ಲ."

ಈ ಕೊನೆಯ ಮಾತು ಬಿಡಬೇಡಿ. ಉಡುಗೊರೆ ವಾಪಸ್ ಬಂದರೆ ವೆಂಡರ್‌ಗೆ ಮೊದಲು ಬರುವ ಯೋಚನೆ "ಆರ್ಡರ್ ಕೈ ತಪ್ಪಿತು" ಅಂತ. ಆ ಹೆದರಿಕೆಗೆ ಅವರು ನಿಮ್ಮ ಮೇಲಿನವರ ಹತ್ತಿರ ಹೋಗ್ತಾರೆ, ಇಲ್ಲವೇ ಇನ್ನೂ ದೊಡ್ಡದು ತರ್ತಾರೆ.

[ದೃಶ್ಯ: ಲ್ಯಾಪ್‌ಟಾಪ್, ಇಮೇಲ್ ಬರೆಯುವ ಕೈ.]

ಫೋನ್ ಇಟ್ಟ ಮೇಲೆ ಡಬ್ಬಿಯ ಫೋಟೊ ತೆಗೆದು ಮ್ಯಾನೇಜರ್‌ಗೂ ನಿಯಮ ಪಾಲನೆ ನೋಡಿಕೊಳ್ಳುವ ಕಂಪ್ಲಯನ್ಸ್ ವಿಭಾಗಕ್ಕೂ ಒಂದು ಇಮೇಲ್ ಹಾಕಿದೆ. ಯಾರು ಕೊಟ್ಟರು, ಯಾವಾಗ, ಯಾರ ಕೈಗೆ, ಏನು ಇತ್ತು, ಯಾವ ಕೊಟೇಶನ್ ನಡೀತಿದೆ, ಅಷ್ಟೇ. ಲಾಡು ತಿಂದಿದ್ದನ್ನೂ ಬರೆದೆ. ನಾಚಿಕೆಯಾಯಿತು ನಿಜ. ಆದರೆ ಬರೆಯದೆ ಬಿಟ್ಟು, ಆಮೇಲೆ ವೆಂಡರ್ ಬಾಯಿಂದಲೇ "ಸ್ವೀಟ್ ಇಟ್ಕೊಂಡ್ರು" ಅಂತ ಬಂದರೆ ಇಡೀ ಇಮೇಲ್ ಸುಳ್ಳಾಗಿ ಕಾಣುತ್ತೆ. ಉಳಿದ ಲಾಡು ಏನು ಮಾಡಬೇಕು ಅಂತಲೂ ಕೇಳಿದ್ದೆ. ಕೆಡುವ ತಿಂಡಿ ವಾಪಸ್ ಬೇಡ, ಕ್ಯಾಂಟೀನ್‌ನಲ್ಲಿ ಇಟ್ಟು ಎಲ್ಲರಿಗೂ ಹಂಚಿ ಅಂದರು. ಗಿಫ್ಟ್ ರಿಜಿಸ್ಟರ್‌ನಲ್ಲಿ ಅದನ್ನೂ ಬರೆಸಿದರು.

ಮರುದಿನ ಹೂದಾನಿ ಕಂಪನಿ ಗಾಡಿಯಲ್ಲಿ ಹೋಯಿತು. ನನ್ನ ಸ್ಕೂಟಿಯಲ್ಲಿ ನಾನೇ ಒಯ್ಯಬಹುದಿತ್ತು. ಹಾಗೆ ಮಾಡಬೇಡಿ. ಒಬ್ಬರೇ ಹೋದರೆ ಕೊಟ್ಟಿದ್ದಕ್ಕೆ ಸಾಕ್ಷಿ ಇರಲ್ಲ. ಮತ್ತೆ ಅಲ್ಲಿ ಚಹಾ, ಒತ್ತಾಯ, ಎಲ್ಲ ಶುರುವಾಗುತ್ತೆ. ಜೊತೆಗೆ ಈ ಪತ್ರ ಕಳಿಸಿದೆ.

[ಪರದೆಯ ಮೇಲೆ ಪತ್ರ]

"ದೀಪಾವಳಿಗೆ ನೀವು ಕಳಿಸಿದ ಬಿದ್ರಿ ಹೂದಾನಿ ನಮ್ಮ ಮನೆಗೆ ತಲುಪಿದೆ. ನೆನಪಿಟ್ಟು ಕಳಿಸಿದ್ದಕ್ಕೆ ಧನ್ಯವಾದ. ನಮ್ಮ ಕಂಪನಿಯ ನಡತೆ ನಿಯಮದಂತೆ ಸಿಬ್ಬಂದಿ ಇದನ್ನು ಇಟ್ಟುಕೊಳ್ಳುವಂತಿಲ್ಲ. ಆದ್ದರಿಂದ ಈ ಪತ್ರದ ಜೊತೆ ಮರಳಿಸುತ್ತಿದ್ದೇವೆ. ಇದರಿಂದ ನಿಮ್ಮ ಕೊಟೇಶನ್ ಮೇಲೆ ಯಾವ ಪರಿಣಾಮವೂ ಇರುವುದಿಲ್ಲ. ತಲುಪಿದ ಬಗ್ಗೆ ಪ್ರತಿಯ ಮೇಲೆ ಸಹಿ ಮಾಡಿ ಕೊಡಿ."

ಸಹಿಯಾದ ಪ್ರತಿ ರಿಜಿಸ್ಟರ್‌ಗೆ ಸೇರಿತು.

ಊಟದ ವಿಷಯ ಇಷ್ಟು ಬಿಗಿಯಲ್ಲ. ವೆಂಡರ್ ಫ್ಯಾಕ್ಟರಿ ನೋಡಲು ಹುಮನಾಬಾದ್‌ಗೆ ಹೋದಾಗ ಅವರ ಕ್ಯಾಂಟೀನ್‌ನ ರೊಟ್ಟಿ ಪಲ್ಯ ನಮ್ಮಲ್ಲಿ ನಡೀತಿತ್ತು. ಕೆಲಸದ ಜೊತೆಗಿನ ಊಟ ಅದು. ಹೋಟೆಲ್ ರೂಮು, ಹೈದರಾಬಾದ್ ಸುತ್ತಾಟ, ಮನೆಯವರನ್ನೂ ಕರೆತನ್ನಿ ಅನ್ನೋದು ನಡೀತಿರಲಿಲ್ಲ. ಕೊಟೇಶನ್ ನಡೀತಿದ್ದರೆ ಹೊರಡುವ ಮೊದಲೇ "ನಾವು ಊಟ ಮುಗಿಸ್ಕೊಂಡೇ ಬರ್ತೀವ್ರಿ" ಅಂತ ಫೋನ್ ಮಾಡಿಬಿಡಿ. ಎಲೆ ಹಾಕಿದ ಮೇಲೆ ಬ್ಯಾಡ ಅಂದರೆ ಅವರಿಗೆ ನಿಜವಾಗಿ ನೋವಾಗುತ್ತೆ.

[ದೃಶ್ಯ: ಮದುವೆ ಪತ್ರಿಕೆ.]

ಮೂರು ಕೊಟೇಶನ್‌ಗಳನ್ನು ಸಮಿತಿ ಮುಂದೆ ತೆರೆದರು. ಇವರ ರೇಟೇ ಕಡಿಮೆ ಇತ್ತು, ಆರ್ಡರ್ ಇವರಿಗೇ ಆಯಿತು. ಸಹಿಯಾದ ಆ ಪತ್ರ ಇಲ್ಲದಿದ್ದರೆ ಉಳಿದ ಇಬ್ಬರಿಗೆ ನಾನು ಏನು ಹೇಳಬೇಕಿತ್ತು?

ಬೇಸಿಗೆಯಲ್ಲಿ ಅವರೇ ಬಂದು ಮಗಳ ಮದುವೆಗೆ ಕರೆದರು. ನಾನು ಮ್ಯಾನೇಜರ್‌ಗೆ ತಿಳಿಸಿ ಹೋದೆ. ಊಟ ಮಾಡಿದೆ. ಹೊರಡುವಾಗ ಅವರ ಮನೆಯವರು ಆಹೇರಿ ಸೀರೆ ಹಿಡಿದು ಬಂದರು. ನಾನು ಬಾಯಿ ತೆಗೆಯುವ ಮೊದಲೇ ಅಣ್ಣಾರು ನಕ್ಕು, "ಅವರಿಗೆ ಸೀರಿ ಬ್ಯಾಡ, ತೆಂಗಿನಕಾಯಿ ಎಲೆ ಅಡಿಕಿ ಅಷ್ಟೇ ಕೊಡ್ರಿ" ಅಂದರು.